ನೀರಿನ ತೊಟ್ಟಿಯ ಫ್ಲೋಟ್ ವಾಲ್ವ್: ತೆರೆದ ಸುತ್ತು, ಮುಚ್ಚಿದ ಸುತ್ತು



ಕಳೆದ ಬೇಸಿಗೆಯಲ್ಲಿ ನಮ್ಮ ಸದಸ್ಯರೊಬ್ಬರ ಕೊಟ್ಟಿಗೆಗೆ ಹೋಗುವ ಸಂದರ್ಭ ಬಂದಿತ್ತು. ಐದು ಮಿಶ್ರತಳಿ ಹಸುಗಳು, ಅಚ್ಚುಕಟ್ಟಾದ ಕೊಟ್ಟಿಗೆ. ಆದರೆ ಹದಿನೈದು ದಿನಗಳಿಂದ ಸಂಜೆಯ ಹಾಲು ಇಳಿದಿದೆ ಎಂಬುದು ಅವರ ಅಳಲು. ಹಿಂಡಿ ಬದಲಾಯಿಸಿ ನೋಡಿದ್ದರು, ಜಂತುಹುಳುವಿನ ಔಷಧಿ ಹಾಕಿಸಿದ್ದರು, ದೃಷ್ಟಿಯನ್ನೂ ತೆಗೆಸಿದ್ದರು. ನಾನು ಹೋದದ್ದು ಮಧ್ಯಾಹ್ನ ಎರಡು ಗಂಟೆಗೆ. ಅಂಗಳದ ಸಿಮೆಂಟ್ ತೊಟ್ಟಿಯ ತಳದಲ್ಲಿ ನಾಲ್ಕು ಬೆರಳು ಪಾಚಿನೀರು ಇತ್ತು. ಒಂದು ಹಸು ಅದನ್ನೇ ಮೂಸಿ ಮುಖ ತಿರುಗಿಸಿತು. "ನೀರು ಬಿಡುವುದಿಲ್ಲವೇ?" ಎಂದು ಕೇಳಿದೆ. "ಬಿಡುತ್ತೇವಲ್ಲ ಸ್ವಾಮಿ, ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಎರಡು ವರ್ಷದಿಂದ ಹೀಗೇ ನಡೆದಿದೆ" ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ಹತ್ತು ನಿಮಿಷ ತಪ್ಪದೆ ಬಿಡುತ್ತಿದ್ದರು. ತಪ್ಪಿದ್ದು ನೀರು. ಈ ವ್ಯತ್ಯಾಸವನ್ನು ಅರ್ಥ ಮಾಡಿಕೊಂಡರೆ, ಯಂತ್ರಶಾಸ್ತ್ರದವರು 'ಓಪನ್ ಲೂಪ್' ಮತ್ತು 'ಕ್ಲೋಸ್ಡ್ ಲೂಪ್' ಎಂದು ಕರೆಯುವ ಎರಡು ಬಗೆಯ ನಿಯಂತ್ರಣಗಳು ನಿಮಗೆ ಅರ್ಥವಾದಂತೆಯೇ. ನಾವು ಅವನ್ನು ತೆರೆದ ಸುತ್ತು, ಮುಚ್ಚಿದ ಸುತ್ತು ಎಂದು ಕರೆಯೋಣ.

ಹತ್ತು ನಿಮಿಷದ ಲೆಕ್ಕ

ಮೊದಲು ಆ ತೊಟ್ಟಿಯ ಅಳತೆ ನೋಡೋಣ. ಉದ್ದ 150 ಸೆಂ.ಮೀ., ಅಗಲ 50 ಸೆಂ.ಮೀ. ಇಂಥ ತೊಟ್ಟಿಯಲ್ಲಿ ನೀರು ಒಂದು ಸೆಂ.ಮೀ. ಏರಬೇಕಾದರೆ ಏಳೂವರೆ ಲೀಟರ್ ಬೇಕು. ಈ ಏಳೂವರೆ ಎಂಬ ಅಂಕಿಯನ್ನು ನೆನಪಿಡಿ, ಮುಂದೆ ಮತ್ತೆ ಮತ್ತೆ ಬರುತ್ತದೆ. ತಳದಿಂದ 35 ಸೆಂ.ಮೀ. ಎತ್ತರಕ್ಕೆ ತುಂಬಿದರೆ ಸುಮಾರು 260 ಲೀಟರ್ ಹಿಡಿಯುತ್ತದೆ. ನೀರು ಬರುವುದು ಪಕ್ಕದ ಕಟ್ಟೆಯ ಮೇಲಿರುವ ಒಂದು ಸಾವಿರ ಲೀಟರ್ ಟ್ಯಾಂಕಿನಿಂದ. ಟ್ಯಾಂಕ್ ತುಂಬಿದ್ದಾಗ ಗೇಟ್ ವಾಲ್ವ್ ಪೂರ್ತಿ ತಿರುಗಿಸಿದರೆ ನಿಮಿಷಕ್ಕೆ 16 ಲೀಟರ್ ಬರುತ್ತದೆ. ಬಕೆಟ್ ಹಿಡಿದು, ಗಡಿಯಾರ ನೋಡಿ ಅಳೆದದ್ದು.

ಹತ್ತು ನಿಮಿಷಕ್ಕೆ 160, ಎರಡು ಹೊತ್ತಿಗೆ 320 ಲೀಟರ್. ಐದು ಹಸುಗಳಿಗೆ ತಲಾ ಅರವತ್ತು ಲೀಟರಿನಂತೆ 300. ಲೆಕ್ಕ ಸರಿಯಾಗಿಯೇ ಇದೆ. ಎರಡು ವರ್ಷದ ಹಿಂದೆ ಯಾರೋ ಬುದ್ಧಿವಂತರು ಕೂತು ಲೆಕ್ಕ ಹಾಕಿಯೇ ಹತ್ತು ನಿಮಿಷ ಎಂದು ಗೊತ್ತು ಮಾಡಿದ್ದರು.

ಆದರೆ ಲೆಕ್ಕ ಹಾಕಿದ ದಿನ ಟ್ಯಾಂಕ್ ತುಂಬಿತ್ತು. ಟ್ಯಾಂಕಿನಲ್ಲಿ ನೀರು ತಳ ಸೇರಿದಾಗ ಮೇಲಿನಿಂದ ಒತ್ತುವ ಭಾರ ಕಡಿಮೆಯಾಗುತ್ತದೆ. ಅವರ ಟ್ಯಾಂಕಿನ ತಳ ತೊಟ್ಟಿಗಿಂತ 3 ಮೀಟರ್ ಮೇಲಿದೆ, ತುಂಬಿದಾಗ ನೀರಿನ ಎತ್ತರ 4.2 ಮೀಟರ್ ಆಗುತ್ತದೆ. ತುಂಬಿದ್ದಾಗ 16 ಲೀಟರ್ ಬಂದರೆ, ತಳ ಮುಟ್ಟಿದಾಗ ಬರುವುದು ಹದಿಮೂರೂವರೆ. ಅದೇ ಹತ್ತು ನಿಮಿಷ, ಆದರೆ 25 ಲೀಟರ್ ಖೋತಾ. ಇನ್ನು ಹಸುಗಳ ಕಡೆ ನೋಡಿ. ಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ. ಬೇಸಿಗೆಯ ಬಿಸಿಲಿನಲ್ಲಿ, ಒಣಹುಲ್ಲು ತಿನ್ನುವ, ಹತ್ತು ಲೀಟರ್ ಕರೆಯುವ ಹಸುವಿಗೆ ದಿನಕ್ಕೆ ಎಂಬತ್ತು ಲೀಟರ್ ಬೇಕಾದರೂ ಆಶ್ಚರ್ಯವಿಲ್ಲ. ಐದಕ್ಕೆ 400 ಲೀಟರ್ ಆಯಿತು. ಬರುವುದು 270ರಿಂದ 320. ಸಂಜೆಯ ಹಾಲು ಇಳಿಯದೆ ಏನಾದೀತು?

ಮಳೆಗಾಲದ ಕಥೆ ಇದಕ್ಕೆ ಉಲ್ಟಾ. ಹಸಿ ಮೇವಿನಲ್ಲೇ ನೂರಕ್ಕೆ ಎಂಬತ್ತು ಭಾಗ ನೀರಿರುವುದರಿಂದ ಹಸುಗಳು ತೊಟ್ಟಿಗೆ ಬರುವುದೇ ಕಡಿಮೆ. ಐದೂ ಸೇರಿ 200 ಲೀಟರ್ ಕುಡಿದರೆ ದಿನಕ್ಕೆ 120 ಲೀಟರ್ ಮಿಗುತ್ತದೆ, ಮೂರನೆಯ ದಿನಕ್ಕೆ ತೊಟ್ಟಿ ತುಂಬಿ ಹರಿಯುತ್ತದೆ. ಅಂಗಳದಲ್ಲಿ ಕೆಸರು, ಕೆಸರಿನಲ್ಲಿ ಮಲಗಿದ ಹಸುವಿಗೆ ಕೆಚ್ಚಲು ಬಾವು. "ಮಳೆಗಾಲದಲ್ಲಿ ತೊಟ್ಟಿ ಚೆಲ್ಲುತ್ತದೆ, ಬೇಸಿಗೆಯಲ್ಲಿ ಸಾಲುವುದಿಲ್ಲ" ಎಂದು ಅವರೇ ಹೇಳಿದರು. ಎರಡೂ ಒಂದೇ ಕಾಯಿಲೆಯೆಂದು ಅವರಿಗೆ ಹೊಳೆದಿರಲಿಲ್ಲ ಅಷ್ಟೆ.

ಇದೇ ತೆರೆದ ಸುತ್ತು. ಇಲ್ಲಿ ಕೆಲಸ ಮೊದಲೇ ಗೊತ್ತು ಮಾಡಿದ ಲೆಕ್ಕದಂತೆ ನಡೆಯುತ್ತದೆ. ಕೆಲಸದ ಫಲ ಏನಾಯಿತೆಂಬ ಸುದ್ದಿ ಕೆಲಸ ಮಾಡುವವನಿಗೆ ತಿರುಗಿ ಬರುವುದಿಲ್ಲ. ವಾಲ್ವ್ ತಿರುಗಿಸಿದಿರಿ, ನೀರು ಹೋಯಿತು, ಹಸು ಕುಡಿಯಿತು. ಸರಪಳಿ ಅಲ್ಲಿಗೆ ನಿಂತಿತು, ಸುತ್ತು ತೆರೆದೇ ಉಳಿಯಿತು.

ಕಣ್ಣು ಇದ್ದರೆ ಸುತ್ತು ಮುಚ್ಚುತ್ತದೆ

ಈಗ ಮನೆಯ ಹುಡುಗನಿಗೆ ಬೇರೆ ರೀತಿ ಹೇಳಿ ನೋಡಿ. "ಹತ್ತು ನಿಮಿಷ ಬಿಡು" ಎನ್ನಬೇಡಿ. ತೊಟ್ಟಿಯ ಒಳಗೋಡೆಯ ಮೇಲೆ ಸುಣ್ಣದ ಗೆರೆ ಎಳೆದು, "ನೀರು ಗೆರೆಗೆ ಬಂದ ಮೇಲೆ ನಿಲ್ಲಿಸು, ಗೆರೆಗಿಂತ ಕೆಳಗಿಳಿದರೆ ಬಿಡು" ಎನ್ನಿ. ಟ್ಯಾಂಕ್ ತುಂಬಿದ್ದರೆ ಬೇಗ ನಿಲ್ಲಿಸುತ್ತಾನೆ, ಖಾಲಿಯಾಗಿದ್ದರೆ ತಡವಾಗಿ ನಿಲ್ಲಿಸುತ್ತಾನೆ. ಬೇಸಿಗೆಯೋ ಮಳೆಗಾಲವೋ ಅವನು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನೀರಿನ ಮಟ್ಟ ಅವನ ಕಣ್ಣಿಗೆ, ಕಣ್ಣಿನಿಂದ ಕೈಗೆ, ಕೈಯಿಂದ ವಾಲ್ವಿಗೆ, ವಾಲ್ವಿನಿಂದ ಮತ್ತೆ ನೀರಿನ ಮಟ್ಟಕ್ಕೆ ಸುದ್ದಿ ಸುತ್ತಿ ಬರುತ್ತದೆ. ಸುತ್ತು ಮುಚ್ಚಿತು. ಫಲದಿಂದ ತಿರುಗಿ ಬರುವ ಈ ಸುದ್ದಿಗೆ 'ಫೀಡ್‌ಬ್ಯಾಕ್' ಎನ್ನುತ್ತಾರೆ. ನಮ್ಮ ಪಶು ಆಹಾರದ ಫೀಡಿಗೂ ಇದಕ್ಕೂ ಸಂಬಂಧವಿಲ್ಲ!

ಇಲ್ಲಿ ಹಲವರು ಎಡವುವ ಒಂದು ಮಾತಿದೆ. ಯಂತ್ರ ತಾನಾಗಿ ನಡೆದರೆ ಮುಚ್ಚಿದ ಸುತ್ತು, ಮನುಷ್ಯ ನಡೆಸಿದರೆ ತೆರೆದ ಸುತ್ತು ಎಂದುಕೊಳ್ಳುತ್ತಾರೆ. ಹಾಗಲ್ಲ. ಗೆರೆ ನೋಡಿ ನಿಲ್ಲಿಸುವ ಹುಡುಗ ಮುಚ್ಚಿದ ಸುತ್ತಿನ ಭಾಗ. ಅವನ ಬದಲು ನೀವು ಸಾವಿರಾರು ರೂಪಾಯಿ ಕೊಟ್ಟು ಟೈಮರ್ ತಂದು, ಅದು ದಿನಾ ಹತ್ತು ನಿಮಿಷ ನೀರು ಬಿಡುವಂತೆ ಮಾಡಿದರೆ ಅದು ಸ್ವಯಂಚಾಲಿತವೇನೋ ಹೌದು, ಆದರೆ ತೆರೆದ ಸುತ್ತೇ. ತೊಟ್ಟಿ ತುಂಬಿ ಹರಿಯುತ್ತಿದ್ದರೂ ಅದು ಹತ್ತು ನಿಮಿಷ ಬಿಟ್ಟೇ ಬಿಡುತ್ತದೆ.

ಯಾವುದು ಯಾವ ಬಗೆ ಎಂದು ತಿಳಿಯಲು ಸುಲಭ ಪರೀಕ್ಷೆಯಿದೆ. ತೊಟ್ಟಿಯಿಂದ ಎರಡು ಬಕೆಟ್ ನೀರು ಎತ್ತಿ ಹೊರಗೆ ಚೆಲ್ಲಿ. ಒಳಬರುವ ನೀರಿನಲ್ಲಿ ಏನಾದರೂ ಬದಲಾವಣೆ ಆಯಿತೇ? ಆದರೆ ಮುಚ್ಚಿದ ಸುತ್ತು, ಆಗದಿದ್ದರೆ ತೆರೆದ ಸುತ್ತು.

ಹುಡುಗನ ಬದಲು ಚೆಂಡು

ಹುಡುಗ ಶಾಲೆಗೆ ಹೋಗಬೇಕಲ್ಲ. ಅವನ ಕಣ್ಣು, ಕೈ ಎರಡರ ಕೆಲಸವನ್ನೂ ಮಾಡುವುದೇ ಫ್ಲೋಟ್ ವಾಲ್ವ್. ಒಂದು ತೇಲುವ ಚೆಂಡು, ಚೆಂಡಿಗೆ ಕಟ್ಟಿದ ಉದ್ದ ಸರಳು, ಸರಳಿನ ಇನ್ನೊಂದು ತುದಿಯಲ್ಲಿ ಒಂದು ಕೀಲು, ಕೀಲಿನ ಪಕ್ಕದಲ್ಲಿ ರಬ್ಬರ್ ವಾಷರ್ ಇರುವ ಪುಟ್ಟ ಬೆಣೆ. ನೀರು ಏರಿದಂತೆ ಚೆಂಡು ಏರುತ್ತದೆ, ಸರಳು ಬೆಣೆಯನ್ನು ನೀರು ಬರುವ ತೂತಿಗೆ ಒತ್ತುತ್ತದೆ. ಗೆರೆ ಮುಟ್ಟಿದಾಗ ತೂತು ಪೂರ್ತಿ ಮುಚ್ಚುತ್ತದೆ. ಕರೆಂಟು ಬೇಡ, ಸಂಬಳ ಬೇಡ. ಉಪಾಯ ಹೊಸದೇನಲ್ಲ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಗ್ಸಾಂಡ್ರಿಯಾದಲ್ಲಿದ್ದ ಕ್ಟೆಸಿಬಿಯಸ್ ಎಂಬ ಕುಶಲಿ ತನ್ನ ನೀರಿನ ಗಡಿಯಾರದಲ್ಲಿ ನೀರಿನ ಮಟ್ಟ ಒಂದೇ ಸಮ ಇರಲೆಂದು ತೇಲುವ ತುಂಡನ್ನು ಬಳಸಿದ್ದನೆಂದು ಹೇಳುತ್ತಾರೆ.

ಚೆಂಡು ಹುಡುಗನಿಗಿಂತ ಒಂದು ವಿಷಯದಲ್ಲಿ ಜಾಣ. ಹುಡುಗ ವಾಲ್ವನ್ನು ಪೂರ್ತಿ ತೆರೆಯುತ್ತಾನೆ, ಇಲ್ಲವೇ ಪೂರ್ತಿ ಮುಚ್ಚುತ್ತಾನೆ. ಚೆಂಡು ಹಾಗಲ್ಲ, ನೀರು ಎಷ್ಟು ಇಳಿದಿದೆಯೋ ಅಷ್ಟಕ್ಕೆ ತಕ್ಕಂತೆ ತೆರೆಯುತ್ತದೆ. ನಮ್ಮ ಸದಸ್ಯರ ತೊಟ್ಟಿಗೆ ಹಾಕಿಸಿದ ವಾಲ್ವ್ ನೀರು ಗೆರೆಯಿಂದ 8 ಸೆಂ.ಮೀ. ಇಳಿದಾಗ ಪೂರ್ತಿ ತೆರೆದು 16 ಲೀಟರ್ ಬಿಡುತ್ತಿತ್ತು. ಅಂದರೆ ಹೆಚ್ಚುಕಡಿಮೆ ಒಂದು ಸೆಂ.ಮೀ. ಇಳಿದರೆ ನಿಮಿಷಕ್ಕೆ 2 ಲೀಟರ್, ಎರಡು ಇಳಿದರೆ 4 ಲೀಟರ್.

ಇದನ್ನು ಒಂದು ಸಂಜೆ ಗಡಿಯಾರ ಹಿಡಿದು ನೋಡೋಣ. ಹಾಲು ಕರೆದ ಮೇಲೆ ಹಸುಗಳಿಗೆ ಬಾಯಾರಿಕೆ ಹೆಚ್ಚು. ಮೂರು ಹಸುಗಳು ಒಟ್ಟಿಗೆ ಬಂದು ತಲಾ ನಿಮಿಷಕ್ಕೆ 8 ಲೀಟರಿನಂತೆ ಹೀರುತ್ತಿವೆ ಎನ್ನಿ. ಹೊರಹೋಗುವುದು 24 ಲೀಟರ್, ವಾಲ್ವ್ ಇನ್ನೂ ಮುಚ್ಚಿದೆ. ಮೊದಲ ನಿಮಿಷದಲ್ಲಿ ನೀರು ಸುಮಾರು 3 ಸೆಂ.ಮೀ. ಇಳಿಯುತ್ತದೆ. ಅಷ್ಟು ಹೊತ್ತಿಗೆ ವಾಲ್ವ್ ತೆರೆದುಕೊಂಡು 6 ಲೀಟರಿನಂತೆ ಬರತೊಡಗುವುದರಿಂದ ಎರಡನೆಯ ನಿಮಿಷದ ಕೊನೆಗೆ ಇಳಿತ 5 ಸೆಂ.ಮೀ. ಮಾತ್ರ. ಮೂರನೆಯದರ ಕೊನೆಗೆ ಆರೂವರೆ, ನಾಲ್ಕಕ್ಕೆ 8. ಇಲ್ಲಿಗೆ ವಾಲ್ವ್ ಪೂರ್ತಿ ತೆರೆದಾಯಿತು, ಐದನೆಯ ನಿಮಿಷಕ್ಕೆ ಇಳಿತ 9 ಸೆಂ.ಮೀ. ಅಷ್ಟರಲ್ಲಿ ಹಸುಗಳು 120 ಲೀಟರ್ ಕುಡಿದಿವೆ. ಆದರೆ ತೊಟ್ಟಿಯಿಂದ ಕಡಿಮೆಯಾದದ್ದು ಸುಮಾರು 67 ಲೀಟರ್ ಮಾತ್ರ, ಉಳಿದದ್ದನ್ನು ವಾಲ್ವ್ ಅಲ್ಲಲ್ಲೇ ತುಂಬಿಕೊಟ್ಟಿದೆ.

ಇದರಲ್ಲಿ ಎರಡು ಸಂಗತಿ ಗಮನಿಸಿ. ನೀರು ಕೆಳಗಿಳಿಯದೆ ಚೆಂಡು ಏನನ್ನೂ ಮಾಡುವುದಿಲ್ಲ. ತಪ್ಪಾದ ಮೇಲೆಯೇ ಅದು ತಿದ್ದುವುದು. ಎರಡನೆಯದು, 8 ಸೆಂ.ಮೀ. ದಾಟಿದ ಮೇಲೆ ಅದರ ಕೈಯಲ್ಲಿ ಏನೂ ಇಲ್ಲ. ಪೈಪು ಕೊಡುವುದು 16 ಲೀಟರ್, ಹಸು ಹೀರುವುದು 24. ಹತ್ತು ಹಸು ಸಾಕಿ ಇದೇ ಅರ್ಧ ಅಂಗುಲದ ಪೈಪು ಇಟ್ಟರೆ ಎಂಥ ಫ್ಲೋಟ್ ವಾಲ್ವ್ ತಂದರೂ ತೊಟ್ಟಿ ಖಾಲಿಯಾಗುತ್ತದೆ. ಅಲ್ಲಿ ಬೇಕಾದದ್ದು ದೊಡ್ಡ ತೊಟ್ಟಿ ಅಥವಾ ದಪ್ಪ ಪೈಪು.

ಹಸುಗಳು ಹೋದ ಮೇಲೆ ತೊಟ್ಟಿ ತುಂಬುವುದನ್ನೂ ನೋಡಬೇಕು. ಮೊದಲು ಭರ್ರೆಂದು ಬರುವ ನೀರು ಗೆರೆ ಹತ್ತಿರವಾದಂತೆ ಸಣ್ಣಗಾಗುತ್ತದೆ. 8 ಸೆಂ.ಮೀ. ಇಳಿತ ನಾಲ್ಕಕ್ಕೆ ಬರಲು ಎರಡೂವರೆ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು, ನಾಲ್ಕರಿಂದ ಎರಡಕ್ಕೆ ಮತ್ತೆ ಅಷ್ಟೇ, ಎರಡರಿಂದ ಒಂದಕ್ಕೆ ಮತ್ತೂ ಅಷ್ಟೇ. ಕೊನೆಯಲ್ಲಿ ಸಣ್ಣ ಎಳೆಯಂತೆ ನೀರು ಬರುವುದನ್ನು ಕಂಡು "ವಾಲ್ವ್ ಕಟ್ಟಿಕೊಂಡಿದೆ" ಎಂದು ಸರಳನ್ನು ಮೇಲಕ್ಕೆ ಬಗ್ಗಿಸುವವರಿದ್ದಾರೆ. ಬಗ್ಗಿಸಿದರೆ ನೀರು ನಿಲ್ಲುವ ಗೆರೆಯೇ ಮೇಲೇರಿ, ಬೆಳಗ್ಗೆ ಎದ್ದಾಗ ಅಂಗಳ ಕೆರೆಯಾಗಿರುತ್ತದೆ. ಹದಿನೈದು ನಿಮಿಷ ಕಾದು ನೋಡಿ, ಆಮೇಲೆ ಕೈ ಹಾಕಿ.

ಚೆಂಡು ಮುಚ್ಚಿಡುವ ಗುಟ್ಟು

ಮುಚ್ಚಿದ ಸುತ್ತಿಗೆ ಒಂದು ಕೆಟ್ಟ ಗುಣವೂ ಇದೆ. ಅದು ತಪ್ಪನ್ನು ಸರಿಪಡಿಸುತ್ತಲೇ ತಪ್ಪಿನ ಕಾರಣವನ್ನು ಮುಚ್ಚಿಡುತ್ತದೆ. ನಮ್ಮ ಸದಸ್ಯರ ತೊಟ್ಟಿಯ ಮೂಲೆಯಲ್ಲಿ ಒಂದು ಬಿರುಕಿತ್ತು. ಹತ್ತು ನಿಮಿಷದ ಕಾಲದಲ್ಲಿ ಯಾರೂ ಗೇಟ್ ವಾಲ್ವ್ ಮುಟ್ಟದ ರಾತ್ರಿ ನೀರು ಇಳಿಯುತ್ತಿದ್ದದ್ದು ಕಾಣಬಹುದಿತ್ತು. ಆದರೆ ಅದು ಹಸು ಕುಡಿದದ್ದೆಂದು ಮನೆಯವರು ಭಾವಿಸಿದ್ದರು. ಆಗ ಬಿರುಕು ಸಣ್ಣದು. ಫ್ಲೋಟ್ ವಾಲ್ವ್ ಹಾಕಿದ ಎರಡು ತಿಂಗಳಿಗೆ ಬಿರುಕು ದೊಡ್ಡದಾಗಿ ನಿಮಿಷಕ್ಕೆ 2 ಲೀಟರ್ ಸೋರತೊಡಗಿತು. ತೊಟ್ಟಿ ಮಾತ್ರ ಸದಾ ತುಂಬಿದಂತೆಯೇ ಕಾಣುತ್ತಿತ್ತು! ಯಾಕೆಂದರೆ ಗೆರೆಗಿಂತ ಒಂದು ಸೆಂ.ಮೀ. ಕೆಳಗೆ ನೀರು ನಿಂತರೆ ವಾಲ್ವ್ ನಿಮಿಷಕ್ಕೆ 2 ಲೀಟರ್ ಬಿಡುತ್ತದೆ, ಸೋರುವುದೂ 2 ಲೀಟರ್. ಎರಡೂ ಸಮವಾಗಿ ನೀರು ಅಲ್ಲೇ ನಿಲ್ಲುತ್ತದೆ. ದಿನಕ್ಕೆ 2,880 ಲೀಟರ್ ಮಣ್ಣುಪಾಲು. ಅವರಿಗೆ ಗೊತ್ತಾದದ್ದು, ರಾತ್ರಿ ತುಂಬಿಸಿಟ್ಟ ಸಾವಿರ ಲೀಟರ್ ಟ್ಯಾಂಕ್ ಬೆಳಗಾಗುವಷ್ಟರಲ್ಲಿ ಖಾಲಿಯಾಗಿದ್ದಾಗ.

ಇದನ್ನು ಮೊದಲೇ ಪತ್ತೆ ಹಚ್ಚಬಹುದು. ಹಸುಗಳನ್ನು ಕಟ್ಟಿಹಾಕಿದ ಎರಡು ಗಂಟೆಯ ಮೇಲೆ ಟಾರ್ಚ್ ಹಿಡಿದು ತೊಟ್ಟಿ ನೋಡಿ. ನೀರು ಸುಣ್ಣದ ಗೆರೆ ಮುಟ್ಟಿರಬೇಕು, ಕಿವಿಗೊಟ್ಟರೆ ವಾಲ್ವಿನಲ್ಲಿ ಸದ್ದಿರಬಾರದು. ಗೆರೆಗಿಂತ ಕೆಳಗೆ ನಿಂತು, ಸಣ್ಣಗೆ ಸುಯ್ ಎನ್ನುತ್ತಿದ್ದರೆ ಎಲ್ಲೋ ಸೋರಿಕೆಯಿದೆ. ಖಚಿತಪಡಿಸಿಕೊಳ್ಳಲು ಗೇಟ್ ವಾಲ್ವ್ ಮುಚ್ಚಿ, ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗುರುತು ಹಾಕಿ ಮಲಗಿ. ಬೆಳಗ್ಗೆ ಗುರುತಿಗಿಂತ ಎಷ್ಟು ಸೆಂ.ಮೀ. ಇಳಿದಿದೆಯೋ ಅದನ್ನು ನಿಮ್ಮ ತೊಟ್ಟಿಯ ಅಂಕಿಯಿಂದ ಗುಣಿಸಿದರೆ ಸೋರಿದ ಲೀಟರ್ ಸಿಗುತ್ತದೆ. ಇಲ್ಲಿ ನಾವು ಮಾಡಿದ್ದೇನೆಂದರೆ, ತಪ್ಪು ಕಾಣಲೆಂದೇ ಸುತ್ತನ್ನು ಒಂದು ರಾತ್ರಿಯ ಮಟ್ಟಿಗೆ ತೆರೆದದ್ದು. ಮೆಕ್ಯಾನಿಕ್‌ಗಳು ಕೂಡ ಎಷ್ಟೋ ಯಂತ್ರಗಳ ದೋಷವನ್ನು ಹೀಗೆಯೇ ಹುಡುಕುತ್ತಾರೆ.

ಕಣ್ಣು ಸುಳ್ಳು ಹೇಳಿದಾಗ

ಮುಚ್ಚಿದ ಸುತ್ತಿನ ಜೀವ ಇರುವುದು ಅದರ ಕಣ್ಣಿನಲ್ಲಿ. ಚೆಂಡು ಸುಳ್ಳು ಹೇಳಿದರೆ ವಾಲ್ವ್ ಅದನ್ನೇ ನಂಬುತ್ತದೆ. ಪ್ಲಾಸ್ಟಿಕ್ ಚೆಂಡು ಬಿರುಕುಬಿಟ್ಟು ಒಳಗೆ ನೀರು ಸೇರಿದರೆ ಅರ್ಧ ಮುಳುಗಿಯೇ ಇರುತ್ತದೆ. "ನೀರು ಇನ್ನೂ ಕಡಿಮೆಯಿದೆ" ಎಂದೇ ಹೇಳುತ್ತ, ತೊಟ್ಟಿ ಹರಿದರೂ ನಿಲ್ಲಿಸುವುದಿಲ್ಲ. ಚೆಂಡನ್ನು ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ನೀರಿನ ಸದ್ದು ಕೇಳುತ್ತದೆ. ಚೆಂಡು ಸರಿಯಾಗಿ ಮೇಲೆದ್ದಿದ್ದೂ ನೀರು ತೊಟ್ಟಿಕ್ಕುತ್ತಿದ್ದರೆ ಚೆಂಡಿನ ತಪ್ಪಲ್ಲ, ವಾಷರ್ ಸವೆದಿದೆ ಅಥವಾ ಅದರಡಿ ಮರಳಿನ ಕಣ ಸಿಕ್ಕಿದೆ. ಚೆಂಡು ಕೆಳಗೆ ಜೋತು ಬಿದ್ದಿದ್ದರೂ ನೀರು ಬಾರದಿದ್ದರೆ ತೂತು ಕಟ್ಟಿದೆ, ಇಲ್ಲವೇ ಕೀಲು ಹಿಡಿದುಕೊಂಡಿದೆ. ಬೋರ್‌ವೆಲ್ಲಿನ ಗಡಸು ನೀರಿರುವ ಕಡೆ ಕೀಲಿನ ಮೇಲೆ ಬಿಳಿ ಉಪ್ಪು ಕಟ್ಟುವುದು ಸಾಮಾನ್ಯ. ತಿಂಗಳಿಗೊಮ್ಮೆ ಸರಳನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿ ನೋಡಿದರೆ ಸಾಕು.

ಎಲ್ಲಕ್ಕಿಂತ ದೊಡ್ಡ ಶತ್ರು ಹಸುವೇ. ಅದಕ್ಕೆ ತೇಲುವ ಚೆಂಡು ಆಟದ ಸಾಮಾನು. ಮೂತಿಯಿಂದ ಒತ್ತಿದರೆ ನೀರು ಬರುತ್ತದೆಂದು ಒಮ್ಮೆ ಕಲಿತ ಹಸು ಆ ವಿದ್ಯೆಯನ್ನು ಮರೆಯುವುದಿಲ್ಲ. ಆದ್ದರಿಂದ ತೊಟ್ಟಿಯ ಒಂದು ತುದಿಯಲ್ಲಿ ಇಟ್ಟಿಗೆಯ ಅಡ್ಡಗೋಡೆ ಕಟ್ಟಿ, ಚೆಂಡನ್ನು ಆ ಪುಟ್ಟ ಕೋಣೆಯೊಳಗಿಟ್ಟು ಮೇಲೆ ಕಲ್ಲುಚಪ್ಪಡಿ ಮುಚ್ಚಬೇಕು. ಎರಡೂ ಕಡೆಯ ನೀರು ಒಂದೇ ಮಟ್ಟದಲ್ಲಿರಲು ಅಡ್ಡಗೋಡೆಯ ತಳದಲ್ಲಿ ಅಂಗೈಯಗಲದ ಕಂಡಿ ಬೇಕು. ಈ ಕಂಡಿಗೆ ಹುಲ್ಲುಕಡ್ಡಿ ತುಂಬಿಕೊಂಡರೆ ಹೊಸ ತೊಂದರೆ ಶುರು. ಚೆಂಡಿನ ಕೋಣೆ ತುಂಬಿರುತ್ತದೆ, ವಾಲ್ವ್ ಮುಚ್ಚಿರುತ್ತದೆ, ಹಸುವಿನ ಕಡೆ ತೊಟ್ಟಿ ಒಣಗಿರುತ್ತದೆ. ಚೆಂಡು ಸುಳ್ಳು ಹೇಳುತ್ತಿಲ್ಲ, ತನ್ನ ಕೋಣೆಯ ಸತ್ಯವನ್ನೇ ಹೇಳುತ್ತಿದೆ. ನಮಗೆ ಬೇಕಾದ ಜಾಗವನ್ನು ಅದು ನೋಡುತ್ತಿಲ್ಲ ಅಷ್ಟೆ. ಕಂಡಿಗೆ ಒಂದು ಜಾಲರಿ ಹಾಕಿ, ತೊಟ್ಟಿ ತೊಳೆದಾಗಲೆಲ್ಲ ಅದನ್ನೂ ಉಜ್ಜಿ.

ಇನ್ನೊಂದು ಎಚ್ಚರಿಕೆ. ಟ್ಯಾಂಕ್ ಬೇಡವೆಂದು ಫ್ಲೋಟ್ ವಾಲ್ವನ್ನು ನೇರವಾಗಿ ಬೋರ್‌ವೆಲ್ ಮೋಟಾರಿನ ಪೈಪಿಗೆ ಜೋಡಿಸುವವರಿದ್ದಾರೆ. ಚೆಂಡಿನ ಎತ್ತುವ ಬಲ ಮುನ್ನೂರು ಗ್ರಾಂ ಎಂದಿಟ್ಟುಕೊಳ್ಳಿ. ಸರಳಿನ ಉದ್ದ ಅದನ್ನು ಹತ್ತರಷ್ಟು ಮಾಡಿದರೂ ಬೆಣೆಯ ಮೇಲೆ ಬೀಳುವುದು ಮೂರು ಕಿಲೋ. ಕಟ್ಟೆಯ ಮೇಲಿನ ಟ್ಯಾಂಕಿನ ನೀರು ಒಂದು ಸೆಂ.ಮೀ. ಅಗಲದ ತೂತಿನಲ್ಲಿ ತಿರುಗಿ ಒತ್ತುವುದು ಕಾಲು ಕಿಲೋ ಆಸುಪಾಸು, ಚೆಂಡು ಸುಲಭವಾಗಿ ಗೆಲ್ಲುತ್ತದೆ. ಮೋಟಾರಿನ ಪೈಪಿನಲ್ಲಿ ಮೂವತ್ತು ಮೀಟರ್ ಒತ್ತಡವಿದ್ದರೆ ಅದು ಎರಡೂಕಾಲು ಕಿಲೋ ದಾಟುತ್ತದೆ, ಇನ್ನೂ ಹೆಚ್ಚಿದ್ದರೆ ಚೆಂಡು ಸೋಲುತ್ತದೆ. ಗೆದ್ದರೂ ಕಷ್ಟವೇ, ಮೋಟಾರು ಓಡುತ್ತಲೇ ಇದ್ದು ನೀರಿಗೆ ದಾರಿಯಿಲ್ಲದೆ ಪಂಪು ಬಿಸಿಯಾಗುತ್ತದೆ. ಟ್ಯಾಂಕಿಗೆ ಹತ್ತಿಸಿ, ಅಲ್ಲಿಂದ ಇಳಿಸಿ.

ಟ್ಯಾಂಕಿನ ಮೋಟಾರಿಗೆ ಬೇರೆ ಲೆಕ್ಕ

ಹಾಗಾದರೆ ಮೇಲಿನ ಟ್ಯಾಂಕನ್ನು ಯಾರು ನೋಡಿಕೊಳ್ಳಬೇಕು? ಅದಕ್ಕೆ ಫ್ಲೋಟ್ ಸ್ವಿಚ್ ಬಂದಿದೆ. ಇದೂ ಮುಚ್ಚಿದ ಸುತ್ತೇ. ಆದರೆ ಮೋಟಾರನ್ನು ಸ್ವಲ್ಪ ಸ್ವಲ್ಪ ತೆರೆಯಲು ಬರುವುದಿಲ್ಲ. ಓಡಬೇಕು ಅಥವಾ ನಿಲ್ಲಬೇಕು. ಆದ್ದರಿಂದ ಎರಡು ಗೆರೆ ಬೇಕಾಗುತ್ತದೆ, ಕೆಳಗಿನ ಗೆರೆಗೆ ಇಳಿದಾಗ ಓಡು, ಮೇಲಿನ ಗೆರೆ ಮುಟ್ಟಿದಾಗ ನಿಲ್ಲು. ಎರಡರ ನಡುವಿನ ಅಂತರವೇ ಮೋಟಾರಿನ ಆಯುಷ್ಯ. 1.1 ಮೀಟರ್ ಅಗಲದ ದುಂಡು ಟ್ಯಾಂಕಿನಲ್ಲಿ ಒಂದು ಸೆಂ.ಮೀ. ಎಂದರೆ ಒಂಬತ್ತೂವರೆ ಲೀಟರ್. ಅಂತರ 2 ಸೆಂ.ಮೀ. ಇಟ್ಟು, ಮೋಟಾರು ನಿಮಿಷಕ್ಕೆ 60 ಲೀಟರ್ ಎತ್ತಿದರೆ ಇಪ್ಪತ್ತು ಸೆಕೆಂಡಿಗೆ ನಿಲ್ಲುತ್ತದೆ. ಹಸುಗಳು ಕುಡಿಯುತ್ತಿರುವಷ್ಟು ಹೊತ್ತೂ ಹತ್ತು, ಆರು, ಹತ್ತು, ಆರು. ಪ್ರತಿ ಸಲ ಹೊತ್ತುವಾಗಲೂ ಮೋಟಾರು ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆದು ಸುರುಳಿ ಬಿಸಿಯಾಗುತ್ತದೆ. ಅದೇ ಅಂತರವನ್ನು 60 ಸೆಂ.ಮೀ. ಮಾಡಿ, ಒಂಬತ್ತೂವರೆ ನಿಮಿಷ ಒಂದೇ ಸಮ ಓಡಿ ನಿಲ್ಲುತ್ತದೆ. ಸ್ವಿಚ್ಚಿನ ವೈರಿಗೆ ಕಟ್ಟಿದ ಭಾರದ ಗುಂಡನ್ನು ಮೇಲೆ ಕೆಳಗೆ ಸರಿಸಿ ಈ ಅಂತರ ಹೊಂದಿಸುವುದು.

ಫ್ಲೋಟ್ ಸ್ವಿಚ್ಚಿನಲ್ಲಿ ಸಾಮಾನ್ಯವಾಗಿ ಮೂರು ವೈರುಗಳಿರುತ್ತವೆ. ಒಂದು ಸಾಮಾನ್ಯ ವೈರು, ಒಂದು ಟ್ಯಾಂಕ್ ತುಂಬಿಸುವ ಕೆಲಸಕ್ಕೆ, ಇನ್ನೊಂದು ಸಂಪು ಬರಿದು ಮಾಡುವ ಕೆಲಸಕ್ಕೆ. ವೈರ್‌ಮನ್ ಇವನ್ನು ಅದಲು ಬದಲು ಮಾಡಿದನೆಂದರೆ ಸುತ್ತು ಮುಚ್ಚಿಯೇ ಇರುತ್ತದೆ, ಆದರೆ ತಿರುವು ಮುರುವು. ಖಾಲಿಯಿದ್ದಾಗ ಮೋಟಾರು ಸುಮ್ಮನಿರುತ್ತದೆ, ತುಂಬಿದಾಗ ಓಡುತ್ತದೆ! ತಿದ್ದಬೇಕಾದ ಕೈಯೇ ತಪ್ಪನ್ನು ಬೆಳೆಸುತ್ತದೆ. ಹೊಸದಾಗಿ ಹಾಕಿಸಿದ ದಿನ ಸ್ವಿಚ್ಚನ್ನು ಕೈಯಿಂದ ಎತ್ತಿ ಹಿಡಿದು ಮೋಟಾರು ನಿಲ್ಲುತ್ತದೆಯೇ ಎಂದು ನೋಡಿಯೇ ವೈರ್‌ಮನ್‌ಗೆ ಹಣ ಕೊಡಿ. ಹಾಗೆಯೇ, ಈ ಸ್ವಿಚ್ ನೋಡುವುದು ಟ್ಯಾಂಕನ್ನು ಮಾತ್ರ. ಬೋರ್‌ವೆಲ್ ಬತ್ತಿದ್ದರೆ ಅದಕ್ಕೆ ತಿಳಿಯದು. ಟ್ಯಾಂಕ್ ತುಂಬಿಲ್ಲವೆಂದು ಮೋಟಾರನ್ನು ಒಣಗಿದ ಬಾವಿಯಲ್ಲೇ ಓಡಿಸುತ್ತದೆ. ಅದಕ್ಕೆ ಬೇರೆಯೇ ಕಾವಲು, ನೀರಿಲ್ಲದಾಗ ಮೋಟಾರು ನಿಲ್ಲಿಸುವ ಸಾಧನ, ಸ್ಟಾರ್ಟರಿನಲ್ಲಿ ಹಾಕಿಸಬೇಕು.

ತೆರೆದ ಸುತ್ತು ಕೆಟ್ಟದ್ದೇ?

ಅಲ್ಲ. ಫಲ ಹೆಚ್ಚು ಏರುಪೇರಾಗದ ಕಡೆ ಅದೇ ಸಾಕು, ಅಗ್ಗವೂ ಹೌದು. ಹಾಲು ಕರೆಯುವ ಯಂತ್ರವಿರುವ ಸದಸ್ಯರು ಎರಡನ್ನೂ ಒಂದೇ ಕಡೆ ನೋಡಬಹುದು. ಮೊಲೆತೊಟ್ಟಿನ ಕಪ್ಪುಗಳನ್ನು ಹಿಂಡಿ ಬಿಡುವ ಪಲ್ಸೇಟರ್ ನಿಮಿಷಕ್ಕೆ ಸುಮಾರು 60 ಸಲ ಮಿಡಿಯುತ್ತದೆ. ಹಾಲು ಬಂದರೂ ನಿಂತರೂ ಅದು ಮಿಡಿಯುವುದೇ, ಅದು ತೆರೆದ ಸುತ್ತು. ಆದ್ದರಿಂದಲೇ ಹಾಲು ಮುಗಿದದ್ದನ್ನು ನೋಡಿ ಕಪ್ಪು ತೆಗೆಯುವ ಕೆಲಸ ನಿಮ್ಮ ಕಣ್ಣಿನದು. ಅದೇ ಯಂತ್ರದ ವ್ಯಾಕ್ಯೂಮ್ ರೆಗ್ಯುಲೇಟರ್ ಮುಚ್ಚಿದ ಸುತ್ತು. ಹೀರುವ ಬಲ ಗೊತ್ತುಮಾಡಿದ್ದಕ್ಕಿಂತ ಹೆಚ್ಚಾದರೆ ಹೊರಗಿನ ಗಾಳಿಯನ್ನು ಒಳಬಿಟ್ಟು ಇಳಿಸುತ್ತದೆ. ಅದರಲ್ಲಿ ಧೂಳು ಕಟ್ಟಿ ಹಿಡಿದುಕೊಂಡರೆ ಗೇಜಿನ ಮುಳ್ಳು ಮೇಲೇರಿ ನಿಲ್ಲುತ್ತದೆ, ಮೊಲೆತೊಟ್ಟಿನ ತುದಿ ಗಡುಸಾಗುತ್ತದೆ. ಕರೆಯುವ ಮುಂಚೆ ಗೇಜನ್ನು ಒಮ್ಮೆ ನೋಡುವುದು ಅದಕ್ಕೇ.

ಬಲ್ಕ್ ಕೂಲರ್ ಇರುವ ಸಂಘಗಳಲ್ಲಿಯೂ ಇದೇ ತೊಟ್ಟಿಯ ಪಾಠ. ಹಾಲನ್ನು 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ ನಿಲ್ಲಿಸುವ ಥರ್ಮೋಸ್ಟಾಟ್, ನಮ್ಮ ಫ್ಲೋಟ್ ಸ್ವಿಚ್ಚಿನ ಹಾಗೆ ಎರಡು ಗೆರೆಗಳ ನಡುವೆ ಕಂಪ್ರೆಸರನ್ನು ಓಡಿಸಿ ನಿಲ್ಲಿಸುತ್ತದೆ. ಅದರ ಕಣ್ಣು ಕೂಲರಿನ ಒಂದು ಜಾಗದಲ್ಲಿ ಮಾತ್ರ ಇರುವುದು. ಹಾಲು ಕಲಕುವ ರೆಕ್ಕೆ ತಿರುಗದೆ ನಿಂತಿದ್ದರೆ ತಳದ ಹಾಲು ಹೆಪ್ಪುಗಟ್ಟುವಷ್ಟು ತಣ್ಣಗಾಗಿ, ಮೇಲಿನ ಹಾಲು ಬೆಚ್ಚಗೇ ಉಳಿದೀತು. ಮುಳ್ಳು ಮಾತ್ರ ತಾನಿರುವ ಜಾಗದ 4 ಡಿಗ್ರಿಯನ್ನೇ ತೋರಿಸುತ್ತಿರುತ್ತದೆ. ಹುಲ್ಲು ತುಂಬಿದ ಕಂಡಿ ನೆನಪಾಯಿತಲ್ಲವೇ? ಅದಕ್ಕೇ ಕಾರ್ಯದರ್ಶಿಗಳು ಮೊದಲು ರೆಕ್ಕೆ ತಿರುಗುತ್ತಿದೆಯೇ ಎಂದು ನೋಡಿ, ಮುಚ್ಚಳ ತೆಗೆದು ಬೇರೊಂದು ಥರ್ಮಾಮೀಟರನ್ನು ಮೇಲಿನ ಹಾಲಿನಲ್ಲಿ ಅದ್ದಿ, ಎರಡು ಅಂಕಿಗಳನ್ನೂ ಪುಸ್ತಕದಲ್ಲಿ ಪಕ್ಕಪಕ್ಕದಲ್ಲಿ ಬರೆಯಬೇಕು.